ಮನೆ-ಮರ-ಮನುಷ್ಯನ ಚಿತ್ರವೋ, 567 ವಾಕ್ಯಗಳ ಪ್ರಶ್ನಾವಳಿಯೋ? ದುಡ್ಡು ಕಟ್ಟುವ ಮುಂಚೆ ತಿಳಿದಿರಬೇಕಾದದ್ದು

ಮಗನ ಅಥವಾ ಮಗಳ ನಡವಳಿಕೆ ಯಾಕೋ ಸರಿಯಿಲ್ಲ ಅನ್ನಿಸಿ ಆಪ್ತಸಲಹೆಗೆ ಕರೆದುಕೊಂಡು ಹೋದರೆ, "ಒಂದು ಟೆಸ್ಟ್ ಮಾಡಿಬಿಡೋಣ" ಅನ್ನುವ ಮಾತು ಬೇಗನೆ ಬರುತ್ತದೆ. ಆ ಟೆಸ್ಟ್ ಸಾಮಾನ್ಯವಾಗಿ ಎರಡು ಜಾತಿಯದ್ದು. ಒಂದರಲ್ಲಿ ಚಿತ್ರ ಬಿಡಿಸಬೇಕು, ಇಲ್ಲವೇ ಶಾಯಿ ಕಲೆ ನೋಡಿ ಏನು ಕಾಣುತ್ತದೆ ಹೇಳಬೇಕು, ಇಲ್ಲವೇ ಒಂದು ಚಿತ್ರ ನೋಡಿ ಕಥೆ ಕಟ್ಟಬೇಕು. ಇವಕ್ಕೆ ಪ್ರಕ್ಷೇಪಣ ಪರೀಕ್ಷೆಗಳು ಅನ್ನುತ್ತಾರೆ. ಇನ್ನೊಂದರಲ್ಲಿ ಅಚ್ಚಾದ ವಾಕ್ಯಗಳಿಗೆ ಹೌದು, ಅಲ್ಲ ಎಂದು ಗುರುತು ಹಾಕುತ್ತಾ ಹೋಗಬೇಕು. ಇದು ವ್ಯಕ್ತಿತ್ವದ ಪ್ರಶ್ನಾವಳಿ. ಎರಡರಲ್ಲಿ ಯಾವುದಕ್ಕೆ ಒಪ್ಪಬೇಕು ಎಂದು ಕೋಲಾರದ ಕಡೆಯ ತಂದೆ ತಾಯಿ ನನ್ನನ್ನು ಆಗಾಗ ಕೇಳುತ್ತಾರೆ. ಉತ್ತರವನ್ನು ಒಂದು ಮನೆಯ ವಿಷಯ ಇಟ್ಟುಕೊಂಡೇ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಶ್ರೀನಿವಾಸಪುರದ ಕಡೆಯ ಹುಡುಗ. ವಯಸ್ಸು 19, ಬಿಕಾಂ ಮೊದಲ ವರ್ಷ, ಬೆಂಗಳೂರಿನಲ್ಲಿ ಹಾಸ್ಟೆಲ್. ಹಬ್ಬಕ್ಕೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ರಾತ್ರಿ ನಿದ್ದೆ ಇಲ್ಲ, ಯಾರ ಜೊತೆಗೂ ಮಾತಿಲ್ಲ, ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಸಂಬಂಧಿಕರೊಬ್ಬರು ಹೇಳಿದರು ಅಂತ ಒಂದು ಆಪ್ತಸಲಹಾ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಪೆನ್ಸಿಲ್, ಬಿಳಿ ಹಾಳೆ ಕೊಟ್ಟು ಒಂದು ಮನೆ, ಒಂದು ಮರ, ಒಬ್ಬ ಮನುಷ್ಯನ ಚಿತ್ರ ಬರೆಸಿದರು. ಅರ್ಧ ಗಂಟೆಯೂ ಆಗಲಿಲ್ಲ. ಕೈಗೆ ಬಂದದ್ದು ಮೂರು ಪುಟದ ವರದಿ.

ಮರದ ಕಾಂಡದಲ್ಲಿ ಪೊಟರೆ ಇದೆ, ಆದ್ದರಿಂದ ಚಿಕ್ಕಂದಿನಲ್ಲಿ ಮನಸ್ಸಿಗೆ ಪೆಟ್ಟು ಬಿದ್ದಿದೆ. ಮನೆಗೆ ಹೊಗೆಕೊಳವೆ ಇಲ್ಲ, ಆದ್ದರಿಂದ ಮನೆಯಲ್ಲಿ ಪ್ರೀತಿ ಸಿಕ್ಕಿಲ್ಲ. ಮನುಷ್ಯನ ಕೈ ಎರಡೂ ಜೇಬಿನಲ್ಲಿವೆ, ಆದ್ದರಿಂದ ಏನೋ ತಪ್ಪಿತಸ್ಥ ಭಾವ ಕಾಡುತ್ತಿದೆ. ವರದಿಯ ಸಾರ ಇಷ್ಟೇ.

ತಾಯಿ ಆ ಮರದ ಚಿತ್ರ ನೋಡಿ, "ಇದು ನಮ್ಮ ತೋಟದ ದೊಡ್ಡ ಮಾವಿನ ಮರ ಕಣಪ್ಪ, ಆ ಪೊಟರೇಲಿ ಪ್ರತಿ ವರ್ಷ ಗಿಣಿ ಮರಿ ಮಾಡ್ತವೆ" ಅಂದರು. ತಂದೆ ಮಾತ್ರ "ನಾವು ಚಿಕ್ಕಂದಿನಲ್ಲಿ ಇವನಿಗೆ ಏನು ಮಾಡಿಬಿಟ್ವಿ ಸಾರ್?" ಎಂದು ಕೇಳುತ್ತಲೇ ಇದ್ದರು.

ಹೊಗೆಕೊಳವೆಯ ವಿಷಯ ಇನ್ನೂ ತಮಾಷೆ. ಮನೆ-ಮರ-ಮನುಷ್ಯ ಪರೀಕ್ಷೆಯನ್ನು 1948ರಲ್ಲಿ ಪ್ರಕಟಿಸಿದವರು ಅಮೆರಿಕದ ಜಾನ್ ಬಕ್. ಅಲ್ಲಿ ಚಳಿಗೆ ಮನೆಯೊಳಗೆ ಬೆಂಕಿ ಹಾಕುತ್ತಿದ್ದರು, ಇಳಿಜಾರು ಚಾವಣಿಯ ಮೇಲೆ ಕೊಳವೆ ಇರುತ್ತಿತ್ತು. ಅಲ್ಲಿನ ಮಗು ಮನೆ ಬರೆದರೆ ಕೊಳವೆಯನ್ನೂ ಬರೆಯುತ್ತದೆ. ಶ್ರೀನಿವಾಸಪುರದ ಹುಡುಗ ಆರ್‌ಸಿಸಿ ಮನೆ ಬರೆದು, ಮೇಲೆ ನೀರಿನ ಟ್ಯಾಂಕ್ ಬರೆದಿದ್ದ. ಕೈ ಜೇಬಿನಲ್ಲಿ ಯಾಕೆ ಎಂದರೆ, "ಬೆರಳು ಬರೆಯೋಕೆ ಬರಲ್ಲ ಸಾರ್" ಅಂದ. ಚಿತ್ರ ಬರೆಯಲು ಬರದವರು ಬಹಳ ಮಂದಿ ಮಾಡುವುದು ಇದನ್ನೇ ಅಲ್ವಾ?

ಹಾಗಾದರೆ ಇಷ್ಟು ಓದಿದವರೂ ಇಂಥ ಅರ್ಥಗಳನ್ನು ಯಾಕೆ ನಂಬುತ್ತಾರೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 1967ರಲ್ಲಿ, ಲೋರನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ದಂಪತಿಯ ಪ್ರಯೋಗದಿಂದ. ಅವರು ಮನುಷ್ಯನ ಚಿತ್ರಗಳನ್ನು ತೆಗೆದುಕೊಂಡು, ಪ್ರತಿ ಚಿತ್ರದ ಜೊತೆ ಅದನ್ನು ಬರೆದವನಿಗೆ ಇದೆ ಎನ್ನಲಾದ ತೊಂದರೆಗಳನ್ನು ಬರೆದಿಟ್ಟರು. ಒಬ್ಬನಿಗೆ ಸಂಶಯ ಜಾಸ್ತಿ, ಇನ್ನೊಬ್ಬನಿಗೆ ತಾನು ದಡ್ಡ ಎಂಬ ಚಿಂತೆ, ಹೀಗೆ. ಆದರೆ ಜೋಡಿಸಿದ್ದು ಬೇಕೆಂತಲೇ ಅಡ್ಡಾದಿಡ್ಡಿಯಾಗಿ. ದೊಡ್ಡ ಕಣ್ಣಿನ ಚಿತ್ರಕ್ಕೂ ಸಂಶಯಕ್ಕೂ ಆ ಕಟ್ಟಿನಲ್ಲಿ ಯಾವ ನಂಟೂ ಇರಲಿಲ್ಲ. ಅದನ್ನು ಮನಶ್ಶಾಸ್ತ್ರದ ಗಂಧಗಾಳಿ ಇಲ್ಲದ ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟು, ಏನು ನಂಟು ಕಾಣುತ್ತದೆ ಎಂದು ಕೇಳಿದರು. ಸಂಶಯದವರು ಕಣ್ಣನ್ನು ಎದ್ದು ಕಾಣುವಂತೆ ಬರೆಯುತ್ತಾರೆ, ಬುದ್ಧಿಯ ಚಿಂತೆ ಇರುವವರು ತಲೆ ದೊಡ್ಡದು ಮಾಡುತ್ತಾರೆ ಎಂದು ವಿದ್ಯಾರ್ಥಿಗಳು ಹೇಳಿದರು. ಅನುಭವಿ ಮನಶ್ಶಾಸ್ತ್ರಜ್ಞರು ತಮ್ಮ ಕೆಲಸದಲ್ಲಿ ಕಂಡುಕೊಂಡಿದ್ದೇವೆ ಎನ್ನುತ್ತಿದ್ದದ್ದೂ ಇದೇ ನಂಟುಗಳನ್ನು.

ಇಲ್ಲದ ನಂಟು ಇಬ್ಬರಿಗೂ ಕಾಣಿಸಿತು. ಸಂಶಯ ಎಂದ ಕೂಡಲೇ ಕಣ್ಣು ನೆನಪಾಗುತ್ತದೆ, ಹೊಂದಿದ ಒಂದೆರಡು ಚಿತ್ರ ಮನಸ್ಸಿನಲ್ಲಿ ಉಳಿಯುತ್ತವೆ, ಹೊಂದದವು ಮರೆತುಹೋಗುತ್ತವೆ. ಆದ್ದರಿಂದ "ನನಗೆ ಇಪ್ಪತ್ತು ವರ್ಷದ ಅನುಭವ ಇದೆ, ಚಿತ್ರ ನೋಡಿದರೆ ಗೊತ್ತಾಗುತ್ತದೆ" ಎಂದು ಯಾರಾದರೂ ಹೇಳಿದರೆ ಅದು ಸಾಕ್ಷಿಯಾಗುವುದಿಲ್ಲ. ಇದೇ ತಪ್ಪು ಇಪ್ಪತ್ತು ವರ್ಷದಲ್ಲಿ ಗಟ್ಟಿಯಾಗಿರಬಹುದು, ಅಷ್ಟೇ.

ಕೇಳಬೇಕಾದ ಎರಡು ಪ್ರಶ್ನೆ

ಯಾವುದೇ ಟೆಸ್ಟ್ ಆಗಲಿ, ಮೊದಲು ಅದರ ವಿಶ್ವಾಸಾರ್ಹತೆ ನೋಡಬೇಕು. ಅಂದರೆ ಇವತ್ತು ಒಬ್ಬರು ನೋಡಿದಾಗ ಬಂದ ಉತ್ತರವೇ ಇನ್ನೊಬ್ಬರು ನೋಡಿದಾಗಲೂ, ಮುಂದಿನ ತಿಂಗಳು ನೋಡಿದಾಗಲೂ ಹೆಚ್ಚುಕಡಿಮೆ ಬರುತ್ತದಾ? ಕೋಲಾರ ಎಪಿಎಂಸಿಯಲ್ಲಿ ಒಂದೇ ಟೊಮೆಟೊ ಬಾಕ್ಸನ್ನು ಇಬ್ಬರು ನೋಡಿ ಒಬ್ಬರು ಒಂದನೇ ದರ್ಜೆ, ಇನ್ನೊಬ್ಬರು ಮೂರನೇ ದರ್ಜೆ ಎಂದರೆ ಆ ದರ್ಜೆಗೆ ಬೆಲೆ ಇರುವುದಿಲ್ಲ. ಎರಡನೆಯದು ಸಿಂಧುತ್ವ. ಅಳೆಯುತ್ತೇನೆ ಎಂದು ಹೇಳಿದ್ದನ್ನೇ ಅದು ಅಳೆಯುತ್ತಿದೆಯಾ? ಇಬ್ಬರು ಸೇರಿ ಒಂದೇ ತಪ್ಪು ಉತ್ತರ ಹೇಳಲೂಬಹುದು. ಪೊಟರೆ ಕಂಡರೆ ಆಘಾತ ಎಂದು ಇಬ್ಬರೂ ಒಂದೇ ಪುಸ್ತಕದಲ್ಲಿ ಓದಿದ್ದರೆ ಇಬ್ಬರ ವರದಿಯೂ ಒಂದೇ ಇರುತ್ತದೆ. ಹುಡುಗನಿಗೆ ಆಘಾತ ಆಗಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ಚಿತ್ರ ಬಿಡಿಸುವ ಪರೀಕ್ಷೆಗಳು ಮುಖ್ಯವಾಗಿ ಎರಡನೇ ಪ್ರಶ್ನೆಯಲ್ಲಿ ಬೀಳುತ್ತವೆ. 2000ದಲ್ಲಿ ಸ್ಕಾಟ್ ಲಿಲಿಯನ್‌ಫೆಲ್ಡ್, ಜೇಮ್ಸ್ ವುಡ್, ಹೊವರ್ಡ್ ಗಾರ್ಬ್ ಎಂಬ ಮೂವರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ದೊಡ್ಡ ವಿಮರ್ಶೆ ಬರೆದರು. ಶಾಯಿ ಕಲೆ, ಕಥೆ, ಚಿತ್ರ ಈ ಮೂರರಲ್ಲೂ ಬಳಕೆಯಲ್ಲಿರುವ ಬಹುಪಾಲು ಲಕ್ಷಣಗಳಿಗೆ ಗಟ್ಟಿ ಆಧಾರ ಇಲ್ಲ, ಕೆಲವಕ್ಕೆ ಮಾತ್ರ ಇದೆ ಎಂದರು. ಅದರಲ್ಲೂ ಮನುಷ್ಯನ ಚಿತ್ರದ ಪರೀಕ್ಷೆಗಳ ಸ್ಥಿತಿ ತೀರಾ ಬಡ.

ಶಾಯಿ ಕಲೆಯದ್ದು ಬೇರೆ ಕಥೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಹತ್ತು ಕಾರ್ಡುಗಳನ್ನು ಪ್ರಕಟಿಸಿ, ಮರು ವರ್ಷವೇ 37ನೇ ವಯಸ್ಸಿಗೆ ತೀರಿಹೋದರು. ಆಮೇಲೆ ಒಬ್ಬೊಬ್ಬರು ಒಂದೊಂದು ಥರ ಅಂಕ ಹಾಕತೊಡಗಿದರು. 1974ರಲ್ಲಿ ಜಾನ್ ಎಕ್ಸ್‌ನರ್ ಅದನ್ನೆಲ್ಲ ಕೂಡಿಸಿ ಒಂದು ವ್ಯವಸ್ಥೆ ಮಾಡಿದರು. ಕಲೆಯ ಯಾವ ಭಾಗ ನೋಡಿ ಹೇಳಿದ, ಆಕಾರ ನೋಡಿ ಹೇಳಿದನಾ ಬಣ್ಣ ನೋಡಿ ಹೇಳಿದನಾ, ಚಲನೆ ಕಂಡನಾ, ಪ್ರತಿಯೊಂದಕ್ಕೂ ಸಂಕೇತ. ಇದರಿಂದ ಇಬ್ಬರ ಅಂಕ ಹೊಂದುವುದು ಎಷ್ಟೋ ಸುಧಾರಿಸಿತು.

ಆದರೆ ಹೋಲಿಸಿ ನೋಡುವ ಮಟ್ಟವೇ ಸರಿಯಿರಲಿಲ್ಲ. ಸಾಮಾನ್ಯ ಜನ ಎಂದು ಎಕ್ಸ್‌ನರ್ ಇಟ್ಟುಕೊಂಡಿದ್ದ 700 ಜನರ ಪಟ್ಟಿಯಲ್ಲಿ 221 ಮಂದಿಯ ದಾಖಲೆ ಎರಡೆರಡು ಸಲ ಸೇರಿಹೋಗಿತ್ತು. ಇದನ್ನು 2001ರಲ್ಲಿ ಅವರೇ ಬರೆದು ತಿಳಿಸಿದರು. ಅದಕ್ಕೂ ಮುಂಚೆ, 1999ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮಾನಸಿಕ ಕಾಯಿಲೆ ಇಲ್ಲದ 123 ಜನರಿಗೆ ಈ ಪರೀಕ್ಷೆ ಮಾಡಿದಾಗ ಸುಮಾರು ಆರರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಸೂಚಿಸುವ ಅಂಕ ಬಂದಿತ್ತು. ಚೆನ್ನಾಗಿರುವವರನ್ನೇ ಕಾಯಿಲೆಯವರು ಎನ್ನುವ ಪರೀಕ್ಷೆಯನ್ನು ನಿಮ್ಮ ಮಗನ ಮೇಲೆ ಮಾಡಿದರೆ ಏನಾಗಬಹುದು ಯೋಚಿಸಿ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಯೋಚನೆ ಹಳಿ ತಪ್ಪಿದೆಯಾ, ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಗ್ರಹಿಸುತ್ತಿದ್ದಾನಾ ಎಂಬುದನ್ನು ಹಿಡಿಯುವುದರಲ್ಲಿ ಶಾಯಿ ಕಲೆ ಕೆಲಸಕ್ಕೆ ಬರುತ್ತದೆ. 2013ರಲ್ಲಿ ಜೋನಿ ಮಿಹುರಾ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಭಾಗಕ್ಕೆ ಒಳ್ಳೆಯ ಆಧಾರವೇ ಸಿಕ್ಕಿತು. ಬೇರೆ ಎಷ್ಟೋ ಲಕ್ಷಣಗಳಿಗೆ ಸಿಗಲಿಲ್ಲ. ಆದ್ದರಿಂದ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಮನೋವಿಕಾರದ ಅನುಮಾನ ಇದ್ದಾಗ ಇದನ್ನು ಬಳಸಿದರೆ ಗಾಬರಿಯಾಗಬೇಡಿ. ಅದೇ ಕಲೆ ತೋರಿಸಿ "ಇವನಿಗೆ ಅಪ್ಪನ ಮೇಲೆ ಕೋಪ" ಎಂದರೆ ಮಾತ್ರ ನಂಬಬೇಡಿ.

ಪ್ರಶ್ನಾವಳಿ ಹೇಗೆ ಬೇರೆ

ಆ ಹುಡುಗನನ್ನು ಆಮೇಲೆ ನೋಡಿದ ಸೈಕಾಲಜಿಸ್ಟ್ ಮೊದಲು ಟೆಸ್ಟ್ ಕೊಡಲಿಲ್ಲ. ಎರಡು ಸಲ ಕೂರಿಸಿಕೊಂಡು ಮಾತಾಡಿದರು, ತಂದೆ ತಾಯಿಯ ಹತ್ತಿರ ಬೇರೆಯಾಗಿ ಮಾತಾಡಿದರು. ಆಮೇಲೆ ಎಂಎಂಪಿಐ-2 ಎಂಬ ವ್ಯಕ್ತಿತ್ವದ ಪ್ರಶ್ನಾವಳಿ ಕೊಟ್ಟರು. ಇದರ ಮೂಲವನ್ನು ಮಿನ್ನೆಸೊಟಾ ವಿಶ್ವವಿದ್ಯಾಲಯದ ಹಾಥವೇ ಮತ್ತು ಮೆಕಿನ್ಲಿ 1943ರಲ್ಲಿ ಪ್ರಕಟಿಸಿದರು, ಈ ಪರಿಷ್ಕೃತ ರೂಪ 1989ರದ್ದು. ಒಟ್ಟು 567 ವಾಕ್ಯ, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು. 18 ತುಂಬಿದವರಿಗೆ ಮಾತ್ರ. ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ.

ಇಲ್ಲಿ ಅಂಕ ಹಾಕುವುದರಲ್ಲಿ ಯಾರ ಅಭಿಪ್ರಾಯವೂ ಬರುವುದಿಲ್ಲ. ಕೋಲಾರದಲ್ಲಿ ಹಾಕಿದರೂ ಅಷ್ಟೇ, ಚಿಂತಾಮಣಿಯಲ್ಲಿ ಹಾಕಿದರೂ ಅಷ್ಟೇ. ಬಂದ ಅಂಕವನ್ನು ಟಿ-ಸ್ಕೋರ್ ಎಂಬ ಅಳತೆಗೆ ಬದಲಿಸುತ್ತಾರೆ. ಅದರಲ್ಲಿ 50 ಅಂದರೆ ಸರಾಸರಿ. 65 ದಾಟಿದರೆ ಗಮನ ಕೊಡಬೇಕು. ಹೋಲಿಕೆಗೆ ಇಟ್ಟುಕೊಂಡ ನೂರು ಜನರಲ್ಲಿ ಸುಮಾರು ಎಂಟು ಮಂದಿಗೆ ಮಾತ್ರ ಅಷ್ಟು ಬರುತ್ತದೆ.

ನನಗೆ ಇದರಲ್ಲಿ ಅತಿ ಇಷ್ಟವಾಗುವುದು ಬೇರೆ. ಉತ್ತರ ಕೊಟ್ಟವನು ಸರಿಯಾಗಿ ಕೊಟ್ಟಿದ್ದಾನಾ ಎಂದು ಪ್ರಶ್ನಾವಳಿ ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಎಲ್ ಎಂಬ ಅಳತೆ ತಾನು ಬಹಳ ಒಳ್ಳೆಯವನು ಎಂದು ತೋರಿಸಿಕೊಂಡಿದ್ದಾನಾ ನೋಡುತ್ತದೆ. ಎಫ್ ಎಂಬುದು ಸಾಮಾನ್ಯವಾಗಿ ಯಾರೂ ಕೊಡದ ಉತ್ತರಗಳನ್ನು ಎಷ್ಟು ಕೊಟ್ಟಿದ್ದಾನೆ ಎಂದು ಎಣಿಸುತ್ತದೆ. ವಿಆರ್‌ಐಎನ್ ಎಂಬುದರಲ್ಲಿ ಜೋಡಿ ವಾಕ್ಯಗಳಿವೆ. ಒಂದಕ್ಕೆ ಹೌದು ಎಂದವನು ಅದೇ ಅರ್ಥದ ಇನ್ನೊಂದಕ್ಕೆ ಅಲ್ಲ ಎಂದರೆ ಅಂಕ ಏರುತ್ತದೆ. ಅದು 80 ಮುಟ್ಟಿದರೆ ಇಡೀ ಟೆಸ್ಟ್ ಕಸದ ಬುಟ್ಟಿಗೆ.

ಈ ಹುಡುಗನ ಮೊದಲ ಸಲದ ವಿಆರ್‌ಐಎನ್ 84 ಬಂತು. ರಾತ್ರಿ ನಿದ್ದೆ ಇಲ್ಲದವನು, ಇಂಗ್ಲಿಷ್ ವಾಕ್ಯ ಓದಿ ಓದಿ ಸುಸ್ತಾಗಿ ಕೊನೆಗೆ ಸುಮ್ನೆ ಗುರುತು ಹಾಕುತ್ತಾ ಹೋಗಿದ್ದ. ಕೇಳಿದರೆ ಒಪ್ಪಿಕೊಂಡ. ಇನ್ನೊಂದು ದಿನ ಬೆಳಗ್ಗೆ, ಮಧ್ಯೆ ಮಧ್ಯೆ ಬಿಡುವು ಕೊಟ್ಟು ಮತ್ತೆ ಮಾಡಿಸಿದರು. ಗೊತ್ತಿಲ್ಲದ ಪದಕ್ಕೆ ಅರ್ಥ ಹೇಳಬಹುದು, ವಾಕ್ಯವನ್ನು ವಿವರಿಸಿ "ಅಂದರೆ ನಿನಗೆ ಹೀಗೆ ಆಗುತ್ತಾ" ಎಂದು ದಾರಿ ತೋರಿಸುವ ಹಾಗಿಲ್ಲ. ಎರಡನೇ ಸಲ ವಿಆರ್‌ಐಎನ್ 54, ಎಲ್ 52. ಎಫ್ 72, ಸ್ವಲ್ಪ ಜಾಸ್ತಿಯೇ, ಆದರೆ ನಿಜವಾಗಿ ಕಷ್ಟದಲ್ಲಿರುವವರಿಗೆ ಅಷ್ಟು ಬರುವುದು ಸಹಜ. ಈಗ ಮುಂದಿನ ಅಂಕಗಳನ್ನು ನೋಡಬಹುದು.

ಖಿನ್ನತೆಯ ಅಳತೆ 76. ಆತಂಕ, ಒಂದೇ ಚಿಂತೆ ತಲೆಯಲ್ಲಿ ಸುತ್ತುವುದು ಇವುಗಳ ಅಳತೆ 74. ಜನರಿಂದ ದೂರ ಸರಿಯುವುದು 68. ಉಳಿದವು 65ರ ಕೆಳಗೆ. ಮೊದಲೆರಡು ಹೀಗೆ ಜೊತೆಯಾಗಿ ಏರುವುದು ಈ ಪ್ರಶ್ನಾವಳಿ ಬಳಸುವವರಿಗೆ ಚೆನ್ನಾಗಿ ಗೊತ್ತಿರುವ ವಿನ್ಯಾಸ. ಆತಂಕ ಬೆರೆತ ಖಿನ್ನತೆ, ತನ್ನನ್ನೇ ದೂರಿಕೊಳ್ಳುವ ಸ್ವಭಾವ. ಸಾಯುವ ಯೋಚನೆಯ ಬಗ್ಗೆ ಇದ್ದ ಒಂದು ವಾಕ್ಯಕ್ಕೂ ಸರಿ ಎಂದು ಗುರುತು ಹಾಕಿದ್ದ. ಸೈಕಾಲಜಿಸ್ಟ್ ಅದನ್ನು ಅಲ್ಲೇ ಬಿಡದೆ ಅವತ್ತೇ ನೇರವಾಗಿ ಕೇಳಿದರು. ಆಗ ಹೊರಬಂತು: ಇಂಟರ್ನಲ್ ಪರೀಕ್ಷೆಯಲ್ಲಿ ಫೇಲಾಗಿದ್ದ, ಮೊಬೈಲ್ ಆ್ಯಪ್‌ನಲ್ಲಿ ಸಾಲ ಮಾಡಿ ಸಿಕ್ಕಿಹಾಕಿಕೊಂಡಿದ್ದ, ಅಪ್ಪನಿಗೆ ಹೇಳಲು ಧೈರ್ಯ ಇರಲಿಲ್ಲ. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದರು.

ಸಾಲದ ವಿಷಯವನ್ನು ಪ್ರಶ್ನಾವಳಿ ಹೇಳಲಿಲ್ಲ, ಮಾತು ಹೇಳಿತು. ಪ್ರಶ್ನಾವಳಿ ಹೇಳಿದ್ದು ಎಲ್ಲಿ ಕೇಳಬೇಕು ಎಂಬುದನ್ನು. ಚಿತ್ರದ ವರದಿ ಹುಡುಗನ ಬಾಲ್ಯ, ತಂದೆ ತಾಯಿಯ ಪ್ರೀತಿ ಎಲ್ಲವನ್ನೂ ಹೇಳಿತ್ತು. ಸಾಯುವ ಯೋಚನೆ ಇದೆ ಎಂಬ ಒಂದು ಮಾತು ಅದರಲ್ಲಿ ಇರಲಿಲ್ಲ.

ಪ್ರಶ್ನಾವಳಿಯೂ ಎಡವುತ್ತದೆ

ಎಂಎಂಪಿಐ-2ರ ಸರಾಸರಿ ಯಾರದ್ದು? ಅಮೆರಿಕದ 2,600 ಜನರದ್ದು. ನಮ್ಮವರನ್ನು ಆ ಸರಾಸರಿಗೆ ಹೋಲಿಸುವಾಗ ಎಚ್ಚರ ಬೇಕು. ಬೇರೆಯವರಿಗೆ ಕೇಳದ ದನಿ ಕೇಳುತ್ತದೆ, ಯಾವುದೋ ಶಕ್ತಿ ಮೈಮೇಲೆ ಬರುತ್ತದೆ ಎಂಬ ಧಾಟಿಯ ವಾಕ್ಯಗಳು ಇಂಥ ಪ್ರಶ್ನಾವಳಿಗಳಲ್ಲಿ ಇರುತ್ತವೆ. ಜಾತ್ರೆಯಲ್ಲಿ ಅತ್ತೆಯ ಮೈಮೇಲೆ ದೇವರು ಬರುವುದನ್ನು ನೋಡಿ ಬೆಳೆದ ಹುಡುಗಿ ಅದಕ್ಕೆ ಹೌದು ಎಂದರೆ ಅದು ಕಾಯಿಲೆಯ ಲಕ್ಷಣ ಅಲ್ಲ. ಅಂಕ ಮಾತ್ರ ಏರುತ್ತದೆ. ಅಂಕ ಏರಿದ ವಾಕ್ಯಗಳನ್ನು ಎದುರಿಗಿಟ್ಟುಕೊಂಡು "ಇದಕ್ಕೆ ಯಾಕೆ ಹೌದು ಅಂದೆಯಮ್ಮ" ಎಂದು ಕೇಳುವವರು ಬೇಕು.

ಓದಲು ಬರದವರಿಗೆ, ಓದಿದರೂ ಇಂಗ್ಲಿಷ್ ತಿಣುಕುವವರಿಗೆ ಇದು ಸರಿಹೋಗುವುದಿಲ್ಲ. ಯಾರೋ ಗೂಗಲ್‌ನಲ್ಲಿ ಕನ್ನಡ ಮಾಡಿದ ಪ್ರತಿ ಕೊಟ್ಟರೆ ಅದರ ಅಂಕಕ್ಕೆ ಅರ್ಥವೇ ಇಲ್ಲ, ಯಾಕೆಂದರೆ ಆ ಅನುವಾದದ ಮೇಲೆ ಯಾರ ಸರಾಸರಿಯನ್ನೂ ತೆಗೆದಿಲ್ಲ. ಒಂದು "ಇಲ್ಲ" ಎರಡು ಸಲ ಬಂದ ವಾಕ್ಯ ಕನ್ನಡದಲ್ಲಿ ಯಾವ ಕಡೆಗೂ ತಿರುಗಬಹುದು. ಇನ್ನು, ಕೆಲಸ ಸಿಗಬೇಕಾದಾಗಲೋ, ಕೋರ್ಟಿನಲ್ಲಿ ಮಗುವಿನ ವಶ ಕೇಳುವಾಗಲೋ ಜನ ತಮ್ಮನ್ನು ಚೆನ್ನಾಗಿ ತೋರಿಸಿಕೊಳ್ಳುತ್ತಾರೆ. ಎಲ್ ಅಳತೆ ಇದನ್ನು ಎಷ್ಟೋ ಸಲ ಹಿಡಿಯುತ್ತದೆ, ಎಲ್ಲ ಸಲ ಅಲ್ಲ.

"ಪ್ರಶ್ನಾವಳಿಯಲ್ಲಿ ಸುಳ್ಳು ಹೇಳಬಹುದು, ಶಾಯಿ ಕಲೆಯಲ್ಲಿ ಆಗಲ್ಲ, ಅಲ್ಲಿ ಒಳಮನಸ್ಸು ತಾನಾಗಿ ಬರುತ್ತೆ" ಎಂಬ ವಾದ ಕೇಳಿರುತ್ತೀರಿ. ಇದು ನಿಲ್ಲುವುದಿಲ್ಲ. ಮನೋವಿಕಾರ ಇರುವವರಂತೆ ನಟಿಸಿ ಎಂದು ಸಾಮಾನ್ಯ ಜನರಿಗೆ ಹೇಳಿ ಶಾಯಿ ಕಲೆ ತೋರಿಸಿ, ಉತ್ತರಗಳನ್ನು ಪರಿಣತರಿಗೆ ಕೊಟ್ಟಾಗ, ನಟನೆ ಯಾವುದು ನಿಜ ಯಾವುದು ಎಂದು ಅವರಿಗೆ ಬೇರ್ಪಡಿಸಲು ಆಗಲಿಲ್ಲ ಎಂದು 1980ರಲ್ಲೇ ಅಧ್ಯಯನ ಬಂದಿದೆ. ಪ್ರಶ್ನಾವಳಿಯಲ್ಲಿ ಸುಳ್ಳು ಹಿಡಿಯಲು ಒಂದು ಅಳತೆಯಾದರೂ ಇದೆ.

ಸೇನೆಗೆ ಸೇರಲು ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಆಯ್ಕೆಯೇ ಇಲ್ಲ. ಅಲ್ಲಿ ಚಿತ್ರ ನೋಡಿ ಕಥೆ ಬರೆಯಲೇಬೇಕು: 30 ಸೆಕೆಂಡ್ ನೋಡುವುದು, 4 ನಿಮಿಷ ಬರೆಯುವುದು, ಹೀಗೆ 12 ಸಲ, ಕೊನೆಯದು ಖಾಲಿ ಹಾಳೆ. ಹಾರ್ವರ್ಡ್‌ನ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1935ರಲ್ಲಿ ತಂದ ಪರೀಕ್ಷೆಯ ಸಂತತಿ ಅದು. ಕೋಚಿಂಗ್‌ನಲ್ಲಿ ಸಿದ್ಧ ಕಥೆಗಳನ್ನು ಉರುಹೊಡೆಸುತ್ತಾರೆ. ಹಾಗಿದ್ದ ಮೇಲೆ ಅಲ್ಲಿ ಅಳೆಯುವುದು ಅಭ್ಯರ್ಥಿಯ ಸ್ವಭಾವವನ್ನೋ ಕೋಚಿಂಗನ್ನೋ ಎಂಬ ಅನುಮಾನ ನನಗಿದೆ. ಅದು ಬೇರೆ ಚರ್ಚೆ.

ಹಾಗಾದರೆ ಯಾವುದಕ್ಕೆ ಒಪ್ಪಬೇಕು

ವಯಸ್ಕರಾದ, ಓದಲು ಬರುವ ವ್ಯಕ್ತಿಗೆ ಖಿನ್ನತೆ, ಆತಂಕ, ಸ್ವಭಾವದ ತೊಂದರೆ ಅನುಮಾನ ಇದ್ದರೆ ನನ್ನ ಮತ ಪ್ರಶ್ನಾವಳಿಗೆ. ಅದೂ ಮಾತುಕತೆ ಆದ ಮೇಲೆ. ಯೋಚನೆ ಹಳಿ ತಪ್ಪಿದೆ ಎಂಬ ಅನುಮಾನ ಇದ್ದು, ಎಕ್ಸ್‌ನರ್ ವ್ಯವಸ್ಥೆ ಅಥವಾ ಅದರ ನಂತರ 2011ರಲ್ಲಿ ಬಂದ ಆರ್-ಪಾಸ್ ಪ್ರಕಾರ ಅಂಕ ಹಾಕಲು ಕಲಿತವರು ಇದ್ದರೆ ಶಾಯಿ ಕಲೆಗೂ ಒಪ್ಪಬಹುದು. ಚಿತ್ರ ಬರೆಸಿ ಸ್ವಭಾವ ಹೇಳುತ್ತೇವೆ ಎಂದರೆ ಬೇಡ ಅನ್ನಿ. ಮಾತಾಡದ ಪುಟ್ಟ ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು, ಬರೆಯುತ್ತಾ ಮಾತಿಗೆ ಎಳೆಯುವುದು ಬೇರೆ, ಅದು ಒಳ್ಳೆಯ ಉಪಾಯ. ಆದರೆ ಚಿತ್ರವನ್ನೇ ವರದಿ ಮಾಡಬಾರದು.

ದುಡ್ಡು ಕಟ್ಟುವ ಮುಂಚೆ ಟೆಸ್ಟಿನ ಹೆಸರು ಕೇಳಿ. "ಸೈಕಾಲಜಿ ಟೆಸ್ಟ್" ಎಂದಷ್ಟೇ ಹೇಳಿದರೆ ಸಾಲದು. ಅಂಕ ಹಾಕುವವರು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟಾ ಎಂದು ಕೇಳಿ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಯಾರ ಸರಾಸರಿಗೆ ಹೋಲಿಸುತ್ತೀರಿ, ಉತ್ತರ ನಂಬಬಹುದಾ ಎಂದು ತಪಾಸಿಸುವ ಅಂಕ ಎಷ್ಟು ಬಂತು ಎಂಬ ಎರಡು ಪ್ರಶ್ನೆಗೆ ನೆಟ್ಟಗೆ ಉತ್ತರ ಬಂದರೆ ಮುಂದುವರಿಯಬಹುದು.

ಸಾಯುವ ಮಾತಾಡುತ್ತಿದ್ದರೆ, ಊಟ ನಿದ್ದೆ ಪೂರ್ತಿ ಬಿಟ್ಟಿದ್ದರೆ ಯಾವ ಟೆಸ್ಟಿಗೂ ಕಾಯಬೇಡಿ. ನೇರವಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಅಥವಾ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗಾಗಲೇ ಟೆಸ್ಟ್ ಆಗಿದ್ದರೆ ವರದಿಯ ಜೊತೆ ಅಂಕಗಳ ಹಾಳೆಯನ್ನೂ ಕೇಳಿ ಇಸಿದುಕೊಳ್ಳಿ. ಮುಂದೆ ಬೇರೆ ವೈದ್ಯರಿಗೆ ತೋರಿಸುವಾಗ ಅವರು ಮೊದಲು ನೋಡುವುದು ಅದನ್ನೇ. ಅಂಕಗಳೇ ಇಲ್ಲದ ವರದಿಯಾದರೆ ಅದನ್ನು ಹುಡುಗನ ಕೈಗೆ ಓದಲು ಕೊಡಬೇಡಿ.